ಸರ್ಚ್ ಬಾಕ್ಸ್ ತೋರಿಸಿದ ಮೊದಲ ಸಾಲಿಗೇ ವಿಡಿಯೊ ಮಾಡಿದೆ, ಆದರೂ ಯಾಕೆ ಓಡಲಿಲ್ಲ?

ಪೆಡಲ್_ಪಾಠ
ನನ್ನದು ಮನೆಯಲ್ಲೇ ಸೈಕಲ್ ರಿಪೇರಿ ಮಾಡಿಕೊಳ್ಳೋದನ್ನ ಕಲಿಸುವ ಯೂಟ್ಯೂಬ್ ಚಾನೆಲ್. ವಿಷಯ ಹುಡುಕೋಕೆ ಎಲ್ಲರೂ ಹೇಳುವ ದಾರಿಯನ್ನೇ ಹಿಡಿದೆ. ಸರ್ಚ್ ಬಾಕ್ಸ್‌ನಲ್ಲಿ `disc brake` ಅಂತ ಟೈಪ್ ಮಾಡಿದಾಗ ಕೆಳಗೆ ಬಂದ ಪಟ್ಟಿಯಲ್ಲಿ `disc brake noise` ಎಲ್ಲಕ್ಕಿಂತ ಮೇಲಿತ್ತು. ಅಷ್ಟು ಮೇಲಿದೆ ಅಂದರೆ ಜಾಸ್ತಿ ಜನ ಹುಡುಕುತ್ತಿದ್ದಾರೆ ಅಂತ ಅರ್ಥ ಮಾಡಿಕೊಂಡು, ಅದೇ ಮಾತನ್ನು ಟೈಟಲ್‌ನಲ್ಲಿ ಇಟ್ಟು ವಿಡಿಯೊ ಹಾಕಿದೆ. ಬ್ರೇಕ್ ಯಾವ ಯಾವ ಕಾರಣಕ್ಕೆ ಸದ್ದು ಮಾಡುತ್ತೆ, ಪ್ರತಿಯೊಂದಕ್ಕೂ ಏನು ಮಾಡಬೇಕು, ಎಲ್ಲಾ ಇದೆ ಅದರಲ್ಲಿ.

ಸರ್ಚ್‌ನಿಂದ ಬಂದವರು ಬೆರಳೆಣಿಕೆಯಷ್ಟು. ಬಂದವರೂ ಅರ್ಧ ನಿಮಿಷ ನಿಲ್ಲಲಿಲ್ಲ. ಆ ಪಟ್ಟಿ ಹೇಗೆ ತಯಾರಾಗುತ್ತೆ? ಅದನ್ನು ನಂಬಿ ವಿಷಯ ಆರಿಸೋದು ಸರಿಯಾ? ಈ ದಾರಿಯಲ್ಲಿ ನಿಜವಾಗಿ ಕೆಲಸ ಮಾಡಿದವರು ಹೇಳಿ.

ಕೀವರ್ಡ್_ಕಿಟ್ಟಿ
ಪಟ್ಟಿ ತಯಾರಾಗೋದು ಜನ ಟೈಪ್ ಮಾಡಿದ್ದರಿಂದಲೇ. ಅದರಲ್ಲಿ ಅನುಮಾನ ಇಲ್ಲ. ಮೊದಲ ಸಾಲು ಅಂದರೆ ಅತಿ ಹೆಚ್ಚು ಹುಡುಕಿದ್ದು, ಎರಡನೇದು ಅದಕ್ಕಿಂತ ಕಡಿಮೆ, ಹೀಗೆ ಇಳಿಯುತ್ತಾ ಹೋಗುತ್ತೆ. ನಿಮ್ಮ ವಿಷಯ ಸರಿಯಾಗೇ ಇದೆ. ಥಂಬ್‌ನೇಲ್ ಬದಲಾಯಿಸಿ ನೋಡಿ.

ಹಳೇ_ಕ್ಯಾಮೆರಾ
ನನಗೂ ಇದೇ ಕಾಟ. ಹೋಮ್ ಪೇಜ್ ತುಂಬಾ ಒಂದೇ ತರದ ವಿಡಿಯೊ ತೋರಿಸುತ್ತೆ. ವಾಚ್ ಹಿಸ್ಟರಿಗೆ ಹೋಗಿ ಬೇಡದ ವಿಡಿಯೊಗಳನ್ನು ತೆಗೆದುಹಾಕಿ, ಸ್ವಲ್ಪ ಸರಿಹೋಗುತ್ತೆ.

ಪೆಡಲ್_ಪಾಠ
ಸರ್, ನಾನು ಕೇಳಿದ್ದು ಹೋಮ್ ಪೇಜ್ ಬಗ್ಗೆ ಅಲ್ಲ. ಸರ್ಚ್ ಬಾಕ್ಸ್‌ನಲ್ಲಿ ಎರಡು ಅಕ್ಷರ ಹೊಡೆದ ಕೂಡಲೇ ಕೆಳಗೆ ಸಾಲುಸಾಲಾಗಿ ಬರುತ್ತಲ್ಲ, ಅದರ ಬಗ್ಗೆ.

ಅಕ್ಷರಮಾಲೆ
ಕಿಟ್ಟಿಯವರು ಹೇಳಿದ್ದರಲ್ಲಿ ಮೊದಲ ಅರ್ಧ ಸರಿ. ಜನ ನಿಜವಾಗಿ ಹುಡುಕಿದ ಮಾತುಗಳಿಂದಲೇ ಪಟ್ಟಿ ಬರುತ್ತೆ. ಯಾರೂ ಕೂತು ಬರೆಯುವುದಿಲ್ಲ. ಆದರೆ ಮೇಲಿನಿಂದ ಕೆಳಗೆ ಸಂಖ್ಯೆಯ ಕ್ರಮದಲ್ಲೇ ಇರುತ್ತೆ ಅನ್ನೋದು ತಪ್ಪು.

ಆ ಪಟ್ಟಿಯ ಕೆಲಸ ಏನು ಅಂತ ನೋಡಿದರೆ ಇದು ಅರ್ಥವಾಗುತ್ತೆ. ಟೈಪ್ ಮಾಡುತ್ತಿರುವ ಈ ಒಬ್ಬ ಮನುಷ್ಯ ಮುಂದೆ ಏನು ಬರೆಯಬಹುದು ಅಂತ ಊಹಿಸೋದು ಅದರ ಕೆಲಸ. ವಿಡಿಯೊ ಮಾಡುವವರಿಗೆ ವಿಷಯ ಕೊಡೋದಕ್ಕೆ ಅದನ್ನು ಮಾಡಿಲ್ಲ. ಹಾಗಾಗಿ ಒಟ್ಟಾರೆ ಎಷ್ಟು ಜನ ಹುಡುಕಿದ್ದಾರೆ ಅನ್ನೋದರ ಜೊತೆಗೆ ಇನ್ನೂ ಹಲವು ಸಂಗತಿ ಸೇರುತ್ತವೆ. ಯಾವ ಭಾಷೆಯಲ್ಲಿ ಟೈಪ್ ಮಾಡುತ್ತಿದ್ದೀರಿ, ಎಲ್ಲಿಂದ ಮಾಡುತ್ತಿದ್ದೀರಿ, ಈಗ ಯಾವುದು ಹಠಾತ್ತಾಗಿ ಏರುತ್ತಿದೆ, ನೀವೇ ಮೊದಲು ಏನು ಹುಡುಕಿದ್ದಿರಿ. ಎರಡು ದಿನದಿಂದ ಏರುತ್ತಿರುವ ಮಾತು, ವರ್ಷಗಟ್ಟಲೆ ಹುಡುಕಿಸಿಕೊಂಡ ಮಾತಿಗಿಂತ ಮೇಲೆ ಕೂರಬಹುದು.

ಪೆಡಲ್ ಸರ್, ನೀವು ದಿನವೂ ಸೈಕಲ್ ಬ್ರೇಕ್ ಬಗ್ಗೆಯೇ ಹುಡುಕುವವರು. ನಿಮ್ಮ ಫೋನ್‌ನ ಪಟ್ಟಿಯಲ್ಲಿ ನಿಮ್ಮ ನೆರಳು ಜಾಸ್ತಿ ಇರುತ್ತೆ. ಸಾಲಿನ ಪಕ್ಕ ಗಡಿಯಾರದ ಗುರುತು ಇದ್ದರೆ ಅದು ನೀವೇ ಹಿಂದೆ ಹುಡುಕಿದ್ದು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಡಿ. ಇನ್‌ಕಾಗ್ನಿಟೊ ವಿಂಡೊದಲ್ಲಿ, ಲಾಗಿನ್ ಆಗದೆ, ಮತ್ತೆ ಟೈಪ್ ಮಾಡಿ ನೋಡಿ. ಆಮೇಲೆ ಇನ್ನೊಂದು ಕೆಲಸ. ಆ ವಿಡಿಯೊದ ಅನಲಿಟಿಕ್ಸ್‌ನಲ್ಲಿ ರೀಚ್ ಟ್ಯಾಬ್‌ಗೆ ಹೋಗಿ, ಟ್ರಾಫಿಕ್ ಸೋರ್ಸ್‌ನಲ್ಲಿ ಯೂಟ್ಯೂಬ್ ಸರ್ಚ್ ಒತ್ತಿ. ಯಾವ ಮಾತು ಟೈಪ್ ಮಾಡಿದವರು ನಿಮ್ಮ ಹತ್ತಿರ ಬಂದರು ಅಂತ ಅಲ್ಲಿ ಸಿಗುತ್ತೆ. ಅದನ್ನು ಇಲ್ಲಿ ಹಾಕಿ.

ಕೀವರ್ಡ್_ಕಿಟ್ಟಿ
ಮೇಡಂ, ಬ್ರೌಸರ್‌ಗೆ ಹಾಕಿಕೊಳ್ಳುವ ಎಕ್ಸ್‌ಟೆನ್ಶನ್‌ಗಳಿವೆ. ಪ್ರತಿ ಸಾಲಿನ ಪಕ್ಕ ತಿಂಗಳಿಗೆ ಎಷ್ಟು ಸರ್ಚ್ ಅಂತ ಸಂಖ್ಯೆ ತೋರಿಸುತ್ತವೆ. ನೂರಕ್ಕೆ ಇಷ್ಟು ಅಂತ ಸ್ಕೋರ್ ಕೂಡ ಕೊಡುತ್ತವೆ. ಆ ಸಂಖ್ಯೆಗಳು ಪಟ್ಟಿಯ ಕ್ರಮಕ್ಕೆ ಹೆಚ್ಚು ಕಡಿಮೆ ಹೊಂದುತ್ತವೆ.

ಅಕ್ಷರಮಾಲೆ
ಒಂದೊಂದು ಮಾತನ್ನು ಎಷ್ಟು ಜನ ಹುಡುಕಿದರು ಅನ್ನೋ ನಿಖರ ಲೆಕ್ಕವನ್ನು ಯೂಟ್ಯೂಬ್ ಹೊರಗೆ ಕೊಡುವುದಿಲ್ಲ. ಆ ಸಂಖ್ಯೆಗಳು ಅಂದಾಜು. ಗೂಗಲ್ ಆಡ್ಸ್‌ನ ಕೀವರ್ಡ್ ಪ್ಲಾನರ್ ಕೊಡುವ ಲೆಕ್ಕವೂ ಗೂಗಲ್ ಸರ್ಚ್‌ನದ್ದು, ಯೂಟ್ಯೂಬ್‌ನದ್ದಲ್ಲ. ಎರಡು ಟೂಲ್‌ನಲ್ಲಿ ಒಂದೇ ಮಾತು ಹಾಕಿ ನೋಡಿ, ಅಂಕಿ ಎಷ್ಟು ದೂರ ದೂರ ಇರುತ್ತೆ ಅಂತ ಗೊತ್ತಾಗುತ್ತೆ. ಯಾವುದು ಜಾಸ್ತಿ ಯಾವುದು ಕಡಿಮೆ ಅಂತ ಅಂದಾಜು ಮಾಡೋಕೆ ಸಾಕು. ಅದನ್ನೇ ಕಟ್ಟಿಕೊಂಡು ವಿಡಿಯೊ ಯೋಜನೆ ಮಾಡೋಕೆ ಸಾಲದು.

ತಂತಿ_ಮೀಟು
ಈ ಪಟ್ಟಿ ನೋಡೋದನ್ನೇ ಬಿಟ್ಟಿದ್ದೇನೆ ನಾನು. ಗಿಟಾರ್ ಕಲಿಸುತ್ತೇನೆ. ನನ್ನ ವ್ಯೂಸ್‌ನಲ್ಲಿ ಬಹುಪಾಲು ಹೋಮ್ ಪೇಜ್‌ನಿಂದ, ವಿಡಿಯೊ ಪಕ್ಕ ಬರುವ ಸಾಲಿನಿಂದ. ಸರ್ಚ್ ಹಿಂದೆ ಬಿದ್ದರೆ ಎಲ್ಲರೂ ಒಂದೇ ವಿಷಯಕ್ಕೆ ಒಂದೇ ಟೈಟಲ್ ಹಾಕುತ್ತಾರೆ. ನೋಡುವವರಿಗೂ ಬೇಜಾರು.

ಹೊಲಿಗೆ_ದಾರ
ಗಿಟಾರ್‌ಗೆ ಅದು ಸರಿ ಇರಬಹುದು. ನಾನು ಹೊಲಿಗೆ ಮೆಶಿನ್ ಬಗ್ಗೆ ವಿಡಿಯೊ ಮಾಡುತ್ತೇನೆ. ದಾರ ಪದೇ ಪದೇ ತುಂಡಾಗುತ್ತಿರುವ ಹೆಂಗಸು ಹೋಮ್ ಪೇಜ್ ನೋಡುತ್ತಾ ಕೂರೋದಿಲ್ಲ, ಸರ್ಚ್ ಬಾಕ್ಸ್‌ಗೇ ಹೋಗುತ್ತಾಳೆ. ನನ್ನ ಹಳೇ ವಿಡಿಯೊಗಳು ಇವತ್ತಿಗೂ ಸರ್ಚ್‌ನಿಂದಲೇ ಬದುಕಿವೆ. ರಿಪೇರಿ ವಿಷಯ ಅಂದರೆ ಪೆಡಲ್ ಅವರದ್ದೂ ಹಾಗೇ ಅಲ್ವಾ?

ಪೆಡಲ್_ಪಾಠ
ಅಕ್ಷರಮಾಲೆ ಮೇಡಂ, ನೋಡಿದೆ. ಬಂದ ಮಾತುಗಳು ಇವು: `disc brake noise`, `brake noise when stopping`, `front brake noise at low speed`. `cycle` ಅನ್ನೋ ಪದ ಇರುವ ಸಾಲು ತೀರಾ ಕೆಳಗೆ ಒಂದೆರಡು ಇವೆ, ಅಷ್ಟೇ. ಆದರೆ ಆಶ್ಚರ್ಯ ಏನೆಂದರೆ, ಆ ಒಂದೆರಡು ಸಾಲಿನಿಂದ ಬಂದವರೇ ಜಾಸ್ತಿ ಹೊತ್ತು ನೋಡಿದ್ದಾರೆ.

ಅಕ್ಷರಮಾಲೆ
ಉತ್ತರ ಅಲ್ಲೇ ಇದೆ ಸರ್. ಈಗ `disc brake noise` ಹುಡುಕಿ ಎಂಟರ್ ಒತ್ತಿ. ಬರುವ ವಿಡಿಯೊಗಳನ್ನು ಒಂದೊಂದಾಗಿ ನೋಡಿ, ಏನು ಕಾಣುತ್ತೆ ಹೇಳಿ.

ಪೆಡಲ್_ಪಾಠ
ಕಾರು. ಮೇಲಿನಿಂದ ಕೆಳಗಿನವರೆಗೆ ಕಾರು. ನಡುವೆ ಒಂದು ಸೈಕಲ್ ಇದೆ.

ಅಕ್ಷರಮಾಲೆ
ಅದೇ. ಆ ಮಾತನ್ನು ಟೈಪ್ ಮಾಡುವವರಲ್ಲಿ ಬಹುತೇಕರು ಕಾರು ಇಟ್ಟುಕೊಂಡವರು. ಅವರಿಗೆ ನಿಮ್ಮ ಥಂಬ್‌ನೇಲ್ ಕಂಡರೆ ಮುಂದೆ ಹೋಗುತ್ತಾರೆ, ಇಲ್ಲಾ ಒತ್ತಿ ನೋಡಿ ಸೈಕಲ್ ಅಂತ ಗೊತ್ತಾದ ಕೂಡಲೇ ಹೊರಡುತ್ತಾರೆ. ಅರ್ಧ ನಿಮಿಷಕ್ಕೆ ಬಿಟ್ಟುಹೋದವರು ಅವರೇ ಇರಬೇಕು. ಪಟ್ಟಿಯಲ್ಲಿ ಬರೋದು ಬರೀ ಮಾತು. ಅದರ ಹಿಂದೆ ಯಾರಿದ್ದಾರೆ, ಅವರಿಗೆ ಏನು ಬೇಕು ಅನ್ನೋದು ಅಲ್ಲಿ ಕಾಣುವುದಿಲ್ಲ. ಅದು ಕಾಣೋದು ಎಂಟರ್ ಒತ್ತಿದ ಮೇಲೆ ಬರುವ ಪುಟದಲ್ಲಿ. ಯೂಟ್ಯೂಬ್ ಆ ಮಾತಿಗೆ ಯಾವ ತರದ ವಿಡಿಯೊ ಮೇಲಿಟ್ಟಿದೆಯೋ, ಆ ಮಾತು ಟೈಪ್ ಮಾಡಿದವರು ಅಂಥ ವಿಡಿಯೊಗಳನ್ನೇ ಆರಿಸಿ ನೋಡಿದ್ದಾರೆ ಅಂತ ತಿಳಿಯಬೇಕು.

ಈಗ ನಿಮ್ಮ ಜನರ ಕಡೆಯಿಂದ ಶುರು ಮಾಡಿ. `cycle disc brake` ಅಂತ ಬರೆದು ಒಂದು ಸ್ಪೇಸ್ ಕೊಟ್ಟು ನಿಲ್ಲಿಸಿ, ಪಟ್ಟಿ ಬರೆದುಕೊಳ್ಳಿ. ಆಮೇಲೆ ಸ್ಪೇಸ್ ಆದ ಮೇಲೆ `a` ಹಾಕಿ ನೋಡಿ, ಅಳಿಸಿ `b` ಹಾಕಿ, ಹೀಗೆ `z` ತನಕ. ಬೇಜಾರಿನ ಕೆಲಸ, ಆದರೆ ಬರೀ ಸ್ಪೇಸ್ ಕೊಟ್ಟಾಗ ಕಾಣದ ಸಾಲುಗಳು ಇದರಲ್ಲಿ ಹೊರಬರುತ್ತವೆ. `cycle` ಜಾಗದಲ್ಲಿ `bicycle`, `mtb` ಹಾಕಿಯೂ ಮಾಡಿ. ಸಿಕ್ಕಿದ್ದರಲ್ಲಿ ಸದ್ದಿಗೆ ಸಂಬಂಧಪಟ್ಟದ್ದನ್ನು ಮಾತ್ರ ಇಲ್ಲಿ ಹಾಕಿ.

ಸ್ಕ್ರಿಪ್ಟ್_ರಾಯ
ಇಪ್ಪತ್ತಾರು ಅಕ್ಷರ ಕೈಯಲ್ಲಿ ಹೊಡೆಯೋದು ಯಾಕೆ? ಪಟ್ಟಿ ಬರುವ ವಿಳಾಸವನ್ನೇ ಬ್ರೌಸರ್‌ನಲ್ಲಿ ಹಾಕಿದರೆ ಬರೀ ಸಾಲುಗಳು ಸಿಗುತ್ತವೆ. ಕೊನೆಯ ಅಕ್ಷರ ಬದಲಾಯಿಸುತ್ತಾ ಹೋದರೆ ಆಯ್ತು.

```
https://suggestqueries.google.com/complete/search?client=firefox&ds=yt&hl=en&q=cycle+disc+brake+a
```

`ds=yt` ಅಂದರೆ ಯೂಟ್ಯೂಬ್‌ನದ್ದು ಕೊಡು ಅಂತ. ಅದನ್ನು ತೆಗೆದರೆ ಗೂಗಲ್ ಸರ್ಚ್‌ನ ಪಟ್ಟಿ ಬರುತ್ತೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ, ಎರಡು ಜಾಗದಲ್ಲಿ ಜನ ಎಷ್ಟು ಬೇರೆ ತರ ಕೇಳುತ್ತಾರೆ ಅಂತ ಗೊತ್ತಾಗುತ್ತೆ. ಗೂಗಲ್‌ನಲ್ಲಿ ಬೆಲೆ, ಕಂಪನಿ, ಅಳತೆ ಕೇಳುತ್ತಾರೆ. ಯೂಟ್ಯೂಬ್‌ನಲ್ಲಿ ಹೇಗೆ ಬಿಚ್ಚೋದು, ಹೇಗೆ ಕೂರಿಸೋದು ಅಂತ.

ಅಕ್ಷರಮಾಲೆ
ರಾಯರೇ, ಅದು ಹೊರಗಿನವರಿಗೆ ಅಂತ ಕೊಟ್ಟ ಬಾಗಿಲಲ್ಲ. ಅನುಮತಿ ಇಲ್ಲದೆ ಬಳಸೋದನ್ನು 2015ರ ಆಗಸ್ಟ್‌ನಿಂದ ತಡೆಯುತ್ತೇವೆ ಅಂತ ಗೂಗಲ್ ಆಗಲೇ ಹೇಳಿತ್ತು. ಒಂದೆರಡು ಸಲ ನೋಡೋಕೆ ಸರಿ. ಸ್ಕ್ರಿಪ್ಟ್ ಬರೆದು ಸಾವಿರ ಸಲ ಕೇಳಿದರೆ ನಿಮ್ಮನ್ನು ತಡೆಯುತ್ತಾರೆ. ಅದರ ಮೇಲೆ ಟೂಲ್ ಕಟ್ಟಿಕೊಂಡವರು ಯಾವಾಗ ಬೇಕಾದರೂ ಖಾಲಿ ಕೈಯಲ್ಲಿ ನಿಲ್ಲಬೇಕಾಗುತ್ತೆ.

ಸ್ಕ್ರಿಪ್ಟ್_ರಾಯ
ಒಪ್ಪಿದೆ. ಆದರೆ ಕೈಯಲ್ಲಿ ಒಬ್ಬರು ನೋಡೋದಕ್ಕೆ ಏನೂ ತೊಂದರೆ ಬಂದಿಲ್ಲ ನನಗೆ.

ನವಿಲುಗರಿ
ನಾನು ಕಥೆ ಹೇಳುವ ಚಾನೆಲ್ ನಡೆಸುತ್ತೇನೆ. ಒಮ್ಮೆ ಪಟ್ಟಿಯಲ್ಲಿ ಒಂದು ಉದ್ದನೆಯ ಸಾಲು ಬಂತು, ಎಂಟು ಹತ್ತು ಪದ. ಇಷ್ಟು ಸ್ಪಷ್ಟವಾಗಿ ಕೇಳುತ್ತಿದ್ದಾರೆ ಅಂದರೆ ಖಂಡಿತ ಓಡುತ್ತೆ ಅಂತ ಅದಕ್ಕೇ ವಿಡಿಯೊ ಮಾಡಿದೆ. ಯಾರೂ ನೋಡಲಿಲ್ಲ. ಉದ್ದ ಸಾಲು ಒಳ್ಳೇದು, ಅದಕ್ಕೆ ಪೈಪೋಟಿ ಕಡಿಮೆ ಅಂತಾರಲ್ಲ, ಯಾಕೆ ಹೀಗೆ?

ಹೊಲಿಗೆ_ದಾರ
ಆ ಸಾಲು ಯಾರದ್ದಾದರೂ ವಿಡಿಯೊ ಟೈಟಲ್ ಇತ್ತಾ?

ನವಿಲುಗರಿ
ಹೌದು ಅಕ್ಕ. ಆಮೇಲೆ ನೋಡಿದರೆ ದೊಡ್ಡ ಚಾನೆಲ್ ಒಂದರ ವಿಡಿಯೊ, ಅಕ್ಷರ ಅಕ್ಷರ ಅದೇ.

ಅಕ್ಷರಮಾಲೆ
ಇದು ತುಂಬಾ ಜನ ಬೀಳುವ ಗುಂಡಿ. ಒಂದು ವಿಡಿಯೊ ಹೆಸರು ಮಾಡಿದ ಮೇಲೆ ಜನ ಅದನ್ನು ಮತ್ತೆ ನೋಡೋಕೆ, ಇನ್ನೊಬ್ಬರಿಗೆ ತೋರಿಸೋಕೆ, ಟೈಟಲ್ ಅನ್ನೇ ಟೈಪ್ ಮಾಡುತ್ತಾರೆ. ಅಷ್ಟು ಜನ ಟೈಪ್ ಮಾಡಿದರೆ ಅದು ಪಟ್ಟಿಗೆ ಬರುತ್ತೆ. ಅವರಿಗೆ ಆ ವಿಷಯ ಬೇಕಿಲ್ಲ, ಆ ಒಂದು ವಿಡಿಯೊ ಬೇಕು. ಅದು ಅವರಿಗೆ ಸಿಕ್ಕೂ ಆಯ್ತು. ಅಲ್ಲಿ ನಿಮಗೆ ಜಾಗವೇ ಇಲ್ಲ.

ಗುರುತಿಸೋದು ಸುಲಭ. ಸಾಲಿನಲ್ಲಿ ಚಾನೆಲ್ ಹೆಸರು, ಭಾಗ ಎರಡು ಭಾಗ ಮೂರು ಅನ್ನೋದು ಇದ್ದರೆ, ಜನ ಮಾತಾಡೋ ರೀತಿಗಿಂತ ಟೈಟಲ್ ಬರೆಯುವ ರೀತಿಯಲ್ಲಿದ್ದರೆ ಅನುಮಾನ ಪಡಿ. ಎಂಟರ್ ಒತ್ತಿದಾಗ ಮೊದಲ ವಿಡಿಯೊದ ಟೈಟಲ್ ಪೂರ್ತಿ ಅದೇ ಆಗಿದ್ದು, ಅದರ ವ್ಯೂಸ್ ಲಕ್ಷಗಳಲ್ಲಿದ್ದು, ಕೆಳಗಿನವು ಸಾವಿರ ದಾಟದೆ ನಿಂತಿದ್ದರೆ ಅದು ಅದೇ. ಬಿಟ್ಟುಬಿಡಿ. ತೊಂದರೆಯಲ್ಲಿರುವ ಮನುಷ್ಯ ಟೈಪ್ ಮಾಡುವ ಉದ್ದ ಸಾಲು ಬೇರೆ ತರ ಇರುತ್ತೆ. ವ್ಯಾಕರಣ ಇರುವುದಿಲ್ಲ, ಅವಸರ ಇರುತ್ತೆ.

ನವಿಲುಗರಿ
ಅರ್ಥವಾಯ್ತು. ಕಥೆ ಚಾನೆಲ್‌ಗೆ ಹಾಗಾದರೆ ಈ ದಾರಿ ಉಪಯೋಗಕ್ಕೇ ಬರೋದಿಲ್ವಾ?

ತಂತಿ_ಮೀಟು
ಅದಕ್ಕೇ ನಾನು ಹೇಳಿದ್ದು.

ಮೋಡ_ಮುಸುಕು
ಒಬ್ಬ ಏಜೆನ್ಸಿಯವರು ನನಗೆ ಹೇಳಿದರು, ನಿಮ್ಮ ಚಾನೆಲ್ ಹೆಸರನ್ನೂ ವಿಷಯವನ್ನೂ ಸೇರಿಸಿ ಪಟ್ಟಿಗೆ ಬರಿಸುತ್ತೇವೆ ಅಂತ. ದುಡ್ಡು ಕೊಟ್ಟೆ. ಸ್ವಲ್ಪ ದಿನದಲ್ಲಿ ನನ್ನ ಫೋನ್‌ನಲ್ಲಿ ಬರೋಕೂ ಶುರುವಾಯ್ತು. ತಮ್ಮನ ಫೋನ್‌ನಲ್ಲಿ ನೋಡಿದರೆ ಇಲ್ಲ, ಗೆಳೆಯರ ಫೋನ್‌ನಲ್ಲೂ ಇಲ್ಲ. ಕೇಳಿದರೆ ಇನ್ನೂ ಸಮಯ ಬೇಕು ಅಂತಾರೆ.

ಹೊಲಿಗೆ_ದಾರ
ಅಣ್ಣ, ನಿಮ್ಮ ಫೋನ್‌ನಲ್ಲಿ ಬಂದದ್ದು ನೀವೇ ದಿನಕ್ಕೆ ಹತ್ತು ಸಲ ಟೈಪ್ ಮಾಡಿ ನೋಡಿದ್ದಕ್ಕೆ. ಗಡಿಯಾರದ ಗುರುತು ಇದೆಯಾ ನೋಡಿ.

ಮೋಡ_ಮುಸುಕು
ಇದೆ.

ಕೀವರ್ಡ್_ಕಿಟ್ಟಿ
ಆದರೆ ನೂರಾರು ಫೋನ್‌ನಿಂದ ಒಂದೇ ಮಾತು ಟೈಪ್ ಮಾಡಿಸಿದರೆ ಬರುತ್ತೆ ಅಂತ ಕೇಳಿದ್ದೇನೆ. 2017ರಲ್ಲಿ ಏನೋ ಆಗಿತ್ತಲ್ಲ?

ಅಕ್ಷರಮಾಲೆ
2017ರ ನವೆಂಬರ್. `how to have` ಅಂತ ಟೈಪ್ ಮಾಡಿದರೆ ಮಕ್ಕಳ ಬಗ್ಗೆ ಅತ್ಯಂತ ಹೇಸಿಗೆಯ ಸಾಲುಗಳು ಬರುತ್ತಿದ್ದವು. ಸುದ್ದಿಯಾದ ಮೇಲೆ ಯೂಟ್ಯೂಬ್ ಅವನ್ನು ತೆಗೆದುಹಾಕಿತು, ಹೇಗೆ ಬಂದವು ಅಂತ ತನಿಖೆ ಮಾಡುತ್ತೇವೆ ಅಂದಿತು. ಯಾರೋ ಬೇಕಂತಲೇ ಗುಂಪುಕಟ್ಟಿ ಮಾಡಿಸಿದ್ದು ಅನ್ನೋ ಅನುಮಾನ ಆಗ ಬಲವಾಗಿತ್ತು. ಹಾಗಾಗಿ ಯಾರಿಂದಲೂ ಸಾಧ್ಯವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಮೋಡ ಅಣ್ಣ, ಅದು ಬಂದರೂ ನಿಮಗೇನು ಲಾಭ? ನಿಜವಾದ ಜನ ಹುಡುಕದ ಮಾತು ಪಟ್ಟಿಯಲ್ಲಿ ಇದ್ದರೂ ಒತ್ತುವವರು ಬೇಕಲ್ಲ.

ಹಳೇ_ಕ್ಯಾಮೆರಾ
ನನಗೆ ಗೊತ್ತಿರುವ ಒಬ್ಬ ಹುಡುಗಿ ಹಾಡಿನ ಚಾನೆಲ್ ನಡೆಸುತ್ತಾಳೆ. ಅವಳ ಹೆಸರು ಟೈಪ್ ಮಾಡಿದರೆ ಪಕ್ಕದಲ್ಲಿ ಒಂದು ಕೆಟ್ಟ ಸುದ್ದಿಯ ಪದ ಬರುತ್ತೆ. ಆ ಸುದ್ದಿ ಸುಳ್ಳು. ಜನ ಅದನ್ನು ನೋಡಿ ಕುತೂಹಲಕ್ಕೆ ಒತ್ತುತ್ತಾರೆ, ಒತ್ತಿದಷ್ಟೂ ಅದು ಗಟ್ಟಿಯಾಗುತ್ತೆ. ಇದಕ್ಕೇನು ಮಾಡೋದು?

ಅಕ್ಷರಮಾಲೆ
ಕಂಪ್ಯೂಟರ್‌ನಲ್ಲಿ ತೆರೆದರೆ ಪಟ್ಟಿಯ ಕೆಳತುದಿಯಲ್ಲಿ `Report search predictions` ಅಂತ ಸಣ್ಣ ಅಕ್ಷರದಲ್ಲಿ ಇರುತ್ತೆ. ಅಲ್ಲಿಂದ ದೂರು ಕೊಡಬಹುದು. ದ್ವೇಷ, ಹಿಂಸೆ, ಅಶ್ಲೀಲ, ಇಂಥದ್ದಕ್ಕೆ ತೆಗೆಯುವ ನಿಯಮ ಇದೆ. ನೀವು ಹೇಳಿದ ಸುತ್ತು ನಿಜ. ಕಾಣುತ್ತೆ ಅಂತ ಒತ್ತುತ್ತಾರೆ, ಒತ್ತಿದ್ದು ಮತ್ತೆ ಸರ್ಚ್ ಅಂತಲೇ ಎಣಿಕೆಯಾಗುತ್ತೆ. ಇದೇ ತರದ ಜಗಳ ಜರ್ಮನಿಯಲ್ಲಿ ಕೋರ್ಟ್‌ಗೆ ಹೋಗಿತ್ತು. 2013ರ ಮೇ ತಿಂಗಳಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ, ಮಾನ ಕಳೆಯುವ ಸಾಲು ಬರುತ್ತಿದೆ ಅಂತ ಗೂಗಲ್‌ಗೆ ತಿಳಿಸಿದ ಮೇಲೆ ಅದನ್ನು ತೆಗೆಯುವ ಹೊಣೆ ಗೂಗಲ್‌ನದ್ದು ಅಂತ ತೀರ್ಪು ಕೊಟ್ಟಿತು. ಅವಳಿಗೆ ಸುಮ್ಮನಿರಬೇಡ ಅಂತ ಹೇಳಿ. ದೂರು ಕೊಡಲಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಲಿ.

ಪೆಡಲ್_ಪಾಠ
ಮಾತು ಎಲ್ಲೋ ಹೋಯ್ತು, ಇರಲಿ. ಮೇಡಂ ಹೇಳಿದ ಹಾಗೆ `a` ಇಂದ `z` ತನಕ ಮಾಡಿದೆ. ಸದ್ದಿಗೆ ಸೇರಿದ್ದು ಇವು:

`cycle disc brake noise when not braking`
`cycle disc brake noise after changing pads`
`cycle disc brake noise after wash`
`cycle disc brake rubbing`
`mechanical disc brake rubbing one side`

ಕೊನೆಯದು `mechanical` ಇಂದ ಶುರು ಮಾಡಿದಾಗ ಸಿಕ್ಕಿದ್ದು.

ಅಕ್ಷರಮಾಲೆ
ಚೆನ್ನಾಗಿದೆ. ಸೈಕಲ್ ಬಗ್ಗೆ ನಿಮಗೇ ಜಾಸ್ತಿ ಗೊತ್ತು. ಈ ಐದು ಸಾಲು ಬರೆದವರಿಗೆ ಇರೋದು ಒಂದೇ ತೊಂದರೆಯಾ, ಬೇರೆ ಬೇರೆಯಾ?

ಪೆಡಲ್_ಪಾಠ
ಬೇರೆ ಬೇರೆ. ಬ್ರೇಕ್ ಹಿಡಿಯದೇ ಇದ್ದಾಗಲೂ ಸದ್ದು ಬಂದರೆ ಚಕ್ರದ ಜೊತೆ ತಿರುಗುವ ತಟ್ಟೆ, ಅಂದರೆ ರೋಟರ್, ಪ್ಯಾಡ್‌ಗೆ ಉಜ್ಜುತ್ತಿದೆ ಅಂತ. ಪ್ಯಾಡ್‌ಗಳನ್ನು ಹಿಡಿದಿರುವ ಕ್ಯಾಲಿಪರ್‌ನ ಎರಡು ಬೋಲ್ಟ್ ಸಡಿಲಿಸಿ, ಬ್ರೇಕ್ ಲಿವರ್ ಒತ್ತಿ ಹಿಡಿದು, ಹಾಗೇ ಬೋಲ್ಟ್ ಬಿಗಿ ಮಾಡಿದರೆ ಬಹಳ ಸಲ ಸರಿಹೋಗುತ್ತೆ. ಪ್ಯಾಡ್ ಬದಲಾಯಿಸಿದ ಮೇಲೆ ಬರುವ ಕಿರುಚಾಟಕ್ಕೆ ಏನೂ ಬಿಚ್ಚೋದು ಬೇಡ. ಹೊಸ ಪ್ಯಾಡ್ ರೋಟರ್‌ಗೆ ಹೊಂದಿಕೊಂಡಿಲ್ಲ ಅಷ್ಟೇ. ಸ್ವಲ್ಪ ವೇಗದಲ್ಲಿ ಹೋಗಿ, ಚಕ್ರ ಲಾಕ್ ಆಗದ ಹಾಗೆ ನಿಧಾನ ಮಾಡೋದು, ಹೀಗೆ ಹತ್ತಿಪ್ಪತ್ತು ಸಲ. ತೊಳೆದ ಮೇಲೆ ಬಂದರೆ ಚೈನ್‌ಗೆ ಹಾಕಿದ ಎಣ್ಣೆ ರೋಟರ್‌ಗೆ ತಾಗಿರಬಹುದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಬೇಕು. ಪ್ಯಾಡ್ ಎಣ್ಣೆ ಕುಡಿದಿದ್ದರೆ ಬದಲಾಯಿಸಲೇಬೇಕು.

ಅಕ್ಷರಮಾಲೆ
ಇಷ್ಟನ್ನೂ ಒಂದೇ ವಿಡಿಯೊದಲ್ಲಿ ಹಾಕಿದ್ದೀರಿ ಅಲ್ವಾ? ಪ್ಯಾಡ್ ಬದಲಾಯಿಸಿ ಬಂದವನಿಗೆ ಅವನ ಉತ್ತರ ಆರನೇ ನಿಮಿಷದಲ್ಲಿದೆ. ಅವನು ಅಲ್ಲಿವರೆಗೆ ಕಾಯುವುದಿಲ್ಲ. ಪಟ್ಟಿಯನ್ನು ಬಳಸುವ ನಿಜವಾದ ಉಪಾಯ ಇದೇ. ದೊಡ್ಡ ಮಾತನ್ನು ಹಿಡಿಯೋದಲ್ಲ, ಅದರ ಬಾಲದಲ್ಲಿ ಬರುವ `when`, `after`, `one side` ಇಂಥ ಪದಗಳನ್ನು ಹಿಡಿಯೋದು. ಜನ ತಮ್ಮ ತೊಂದರೆ ಎಲ್ಲಿ ಶುರುವಾಯ್ತು ಅಂತ ಅಲ್ಲೇ ಹೇಳಿಬಿಟ್ಟಿರುತ್ತಾರೆ. ಒಂದು ಬಾಲಕ್ಕೆ ಒಂದು ವಿಡಿಯೊ, ಮೊದಲ ಮಾತಲ್ಲೇ ಅವರ ಸದ್ದನ್ನು ಕೇಳಿಸಿ.

ಆದರೆ ಯಾವುದನ್ನು ಮೊದಲು ಮಾಡೋದು? ಪ್ರತಿ ಸಾಲನ್ನೂ ಹುಡುಕಿ, ಮೇಲಿರುವ ನಾಲ್ಕೈದು ವಿಡಿಯೊ ತೆರೆದು, ಕಾಮೆಂಟ್ ಓದಿ. ಉತ್ತರ ಸಿಗದೇ ಹೋದವರು ಅಲ್ಲಿ ಸಿಗುತ್ತಾರೆ.

ಪೆಡಲ್_ಪಾಠ
ಓದಿ ಬಂದೆ. `cycle disc brake rubbing` ಹಾಕಿದರೆ ಮೇಲೆ ಬರೋದೆಲ್ಲಾ ಹೈಡ್ರಾಲಿಕ್ ಬ್ರೇಕ್. ಎಲ್ಲರೂ ಹೇಳೋದು ಲಿವರ್ ಒತ್ತಿ ಬೋಲ್ಟ್ ಬಿಗಿ ಮಾಡಿ ಅಂತ. ಕಾಮೆಂಟ್‌ನಲ್ಲಿ ಮತ್ತೆ ಮತ್ತೆ ಒಂದೇ ಪ್ರಶ್ನೆ: ನನ್ನದು ಕೇಬಲ್ ಬ್ರೇಕ್, ಹೀಗೆ ಮಾಡಿದರೂ ಒಂದು ಕಡೆ ಉಜ್ಜುತ್ತಲೇ ಇದೆ. ಉಜ್ಜದೇ ಇನ್ನೇನಾಗುತ್ತೆ! ಬಹಳಷ್ಟು ಕೇಬಲ್ ಡಿಸ್ಕ್ ಬ್ರೇಕ್‌ಗಳಲ್ಲಿ ಒಂದು ಪ್ಯಾಡ್ ಮಾತ್ರ ಚಲಿಸುತ್ತೆ. ಇನ್ನೊಂದು ನಿಂತಲ್ಲೇ ಇರುತ್ತೆ. ಚಕ್ರದ ಕಡೆಯ ಆ ಪ್ಯಾಡನ್ನು ಅದರದ್ದೇ ತಿರುಪಿನಿಂದ ಹಿಂದೆ ಮುಂದೆ ಮಾಡಿ ಕೂರಿಸಬೇಕು. ಆ ಮೇಲಿನ ವಿಡಿಯೊಗಳಲ್ಲಿ ಒಂದರಲ್ಲೂ ಆ ತಿರುಪಿನ ಹೆಸರೇ ಇಲ್ಲ.

ಹೊಲಿಗೆ_ದಾರ
ಸಿಕ್ತಲ್ಲ ವಿಷಯ! `mechanical disc brake rubbing one side`. ನಾಳೆಯೇ ಮಾಡಿ.

ಕೀವರ್ಡ್_ಕಿಟ್ಟಿ
ತಡೀರಿ. ನನ್ನ ಎಕ್ಸ್‌ಟೆನ್ಶನ್ ಈ ಸಾಲಿಗೆ ಸೊನ್ನೆ ತೋರಿಸುತ್ತಿದೆ. ಗೂಗಲ್ ಟ್ರೆಂಡ್ಸ್‌ನಲ್ಲಿ ವೆಬ್ ಸರ್ಚ್ ಬದಲು ಯೂಟ್ಯೂಬ್ ಸರ್ಚ್ ಆರಿಸಿ ಹಾಕಿದೆ, ಅಲ್ಲೂ ಸಾಕಷ್ಟು ಡೇಟಾ ಇಲ್ಲ ಅಂತ ಬರುತ್ತೆ. ಯಾರೂ ಹುಡುಕದ ವಿಷಯಕ್ಕೆ ಕಷ್ಟಪಡೋದು ಯಾಕೆ?

ಅಕ್ಷರಮಾಲೆ
ಟ್ರೆಂಡ್ಸ್ ತೋರಿಸೋದು ಸೊನ್ನೆಯಿಂದ ನೂರರ ಒಳಗಿನ ಹೋಲಿಕೆ. ನೂರು ಅಂದರೆ ಆ ಅವಧಿಯಲ್ಲಿ ಅದು ಅತಿ ಹೆಚ್ಚಿದ್ದ ಸಮಯ, ಜನರ ಸಂಖ್ಯೆ ಅಲ್ಲ. ಕಡಿಮೆ ಹುಡುಕಿದ ಮಾತನ್ನು ಅದು ಸೊನ್ನೆ ಅಂತಲೇ ತೋರಿಸುತ್ತೆ, ಆದರೆ ಹುಡುಕಿದವರು ಇದ್ದೇ ಇರುತ್ತಾರೆ. ಟ್ರೆಂಡ್ಸ್ ಒಳ್ಳೇದು ಬೇರೆ ಕೆಲಸಕ್ಕೆ. `disc brake` ಅಂತ ದೊಡ್ಡ ಮಾತು ಹಾಕಿ, ಐದು ವರ್ಷದ ಗೆರೆ ನೋಡಿ. ಪ್ರತಿವರ್ಷ ಒಂದೇ ಕಾಲದಲ್ಲಿ ಏರುತ್ತಿದ್ದರೆ ಅದಕ್ಕೆ ಮೊದಲೇ ವಿಡಿಯೊ ಹಾಕಿಟ್ಟುಕೊಳ್ಳಬಹುದು.

ಕಿಟ್ಟಿಯವರ ಭಯ ಪೂರ್ತಿ ಸುಳ್ಳಲ್ಲ ಅನ್ನೋದನ್ನೂ ಹೇಳಬೇಕು. ಈ ಸಾಲಿನಿಂದ ದಿನಕ್ಕೆ ಎಷ್ಟು ಜನ ಬರುತ್ತಾರೆ ಅಂತ ಪಟ್ಟಿ ನೋಡಿ ಹೇಳೋಕೆ ಆಗುವುದಿಲ್ಲ. ಪಟ್ಟಿಯಲ್ಲಿ ಇದೆ ಅಂದರೆ ಒಬ್ಬಿಬ್ಬರಿಗಿಂತ ಹೆಚ್ಚು ಜನ ಟೈಪ್ ಮಾಡಿದ್ದಾರೆ, ಅಷ್ಟು ಮಾತ್ರ ನಂಬಬಹುದು.

ತಂತಿ_ಮೀಟು
ಒಂದು ಮಾತು. ನನಗೆ ಸರ್ಚ್ ಬೇಡ ಅಂದಿದ್ದೆ, ಆದರೆ ಆ ಕಾಮೆಂಟ್ ಓದುವ ಕೆಲಸ ನಾನೂ ಮಾಡುತ್ತೇನೆ. ಅದಕ್ಕೆ ಪಟ್ಟಿ ಯಾಕೆ ಬೇಕು? ನೇರವಾಗಿ ದೊಡ್ಡ ವಿಡಿಯೊಗಳ ಕಾಮೆಂಟ್‌ಗೆ ಹೋದರೆ ಸಾಲದಾ?

ಪೆಡಲ್_ಪಾಠ
ಕಾಮೆಂಟ್‌ನಲ್ಲಿ ತೊಂದರೆ ಸಿಗುತ್ತೆ ಸರ್, ಆದರೆ ಜನ ಅದನ್ನು ಸರ್ಚ್ ಬಾಕ್ಸ್‌ನಲ್ಲಿ ಹೇಗೆ ಬರೆಯುತ್ತಾರೆ ಅಂತ ಪಟ್ಟಿಯಲ್ಲೇ ಗೊತ್ತಾಗೋದು. ಕಾಮೆಂಟ್‌ನಲ್ಲಿ ಕೇಬಲ್ ಅಂತ ಬರೆದವರು ಸರ್ಚ್‌ನಲ್ಲಿ `mechanical` ಅಂತ ಬರೆದಿದ್ದಾರೆ. ನಾನು ಕೇಬಲ್ ಅಂತಲೇ ಟೈಟಲ್ ಇಡುತ್ತಿದ್ದೆ.

ಸ್ಕ್ರಿಪ್ಟ್_ರಾಯ
ಹಳೇ ವಿಡಿಯೊ ಅಳಿಸಬೇಡಿ. ಟೈಟಲ್‌ನಲ್ಲಿ `cycle` ಸೇರಿಸಿ, ಚಾಪ್ಟರ್ ಹಾಕಿ. ಟ್ಯಾಗ್ ತುಂಬಿಸೋಕೆ ಹೋಗಬೇಡಿ. ಟ್ಯಾಗ್‌ನಿಂದ ಹೆಚ್ಚೇನೂ ಆಗುವುದಿಲ್ಲ, ಸ್ಪೆಲ್ಲಿಂಗ್ ತಪ್ಪಾಗಿ ಬರೆಯುವ ಪದಗಳಿಗೆ ಉಪಯೋಗ ಅಂತ ಯೂಟ್ಯೂಬೇ ಹೇಳಿದೆ.

ಪೆಡಲ್_ಪಾಠ
ಸರಿ ರಾಯರೇ, `cycle` ಈಗಲೇ ಸೇರಿಸಿದೆ. ಹೊಸ ವಿಡಿಯೊ ಕೇಬಲ್ ಬ್ರೇಕ್‌ಗೆ ಮಾತ್ರ, ಆ ತಿರುಪನ್ನು ಹತ್ತಿರದಿಂದ ತೋರಿಸುತ್ತೇನೆ. ಕೊನೆಯದಾಗಿ ಒಂದು ಪ್ರಶ್ನೆ. ನಾನು ಮಾತಾಡೋದು ಕನ್ನಡದಲ್ಲಿ. ಕನ್ನಡ ಅಕ್ಷರದಲ್ಲಿ ಟೈಪ್ ಮಾಡಿದರೆ ಪಟ್ಟಿ ಬೇರೆಯೇ ಬರುತ್ತೆ, ತೀರಾ ಚಿಕ್ಕದು. ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕೊನೆಗೆ `kannada` ಅಂತ ಹಾಕಿದರೆ ಉದ್ದ ಪಟ್ಟಿ. ಟೈಟಲ್ ಯಾವುದರಲ್ಲಿ ಇಡೋದು?

ಹೊಲಿಗೆ_ದಾರ
ಕನ್ನಡ ಅಕ್ಷರದಲ್ಲೇ ಇಡಿ. ನನ್ನ ಟೈಟಲ್ ಎಲ್ಲಾ ಕನ್ನಡದಲ್ಲೇ ಇವೆ, ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿದವರೂ ಬಂದಿದ್ದಾರೆ. ಈಗ ಬಾಯಲ್ಲಿ ಹೇಳಿ ಹುಡುಕುವವರು ಜಾಸ್ತಿ, ಭಾಷೆ ಕನ್ನಡಕ್ಕೆ ಇಟ್ಟಿದ್ದರೆ ಅದು ಕನ್ನಡ ಅಕ್ಷರದಲ್ಲೇ ಬೀಳುತ್ತೆ.

ಕೀವರ್ಡ್_ಕಿಟ್ಟಿ
ನಾನು ಒಪ್ಪುವುದಿಲ್ಲ. ಪಟ್ಟಿ ಎಲ್ಲಿ ಉದ್ದ ಇದೆಯೋ ಜನ ಅಲ್ಲಿದ್ದಾರೆ. ಇಂಗ್ಲಿಷ್ ಅಕ್ಷರದಲ್ಲೇ ಇಡಿ, ಕೊನೆಗೆ `kannada` ಸೇರಿಸಿ.

ಅಕ್ಷರಮಾಲೆ
ಹೊಲಿಗೆ ಅವರೇ, ನಿಮ್ಮ ಯೂಟ್ಯೂಬ್ ಸರ್ಚ್ ಸಾಲುಗಳಲ್ಲಿ ಯಾವ ಅಕ್ಷರದ ಮಾತಿನಿಂದ ಬಂದವರು ಜಾಸ್ತಿ ಹೊತ್ತು ನೋಡಿದ್ದಾರೆ ಅಂತ ಒಮ್ಮೆ ನೋಡಿ ಹೇಳುತ್ತೀರಾ? ಪೆಡಲ್ ಅವರ ಚಾನೆಲ್‌ಗಿಂತ ನಿಮ್ಮ ಹತ್ತಿರ ಹಳೇ ಲೆಕ್ಕ ಜಾಸ್ತಿ ಇದೆ.

ಹೊಲಿಗೆ_ದಾರ
ರಾತ್ರಿ ಕಂಪ್ಯೂಟರ್ ತೆರೆದು ನೋಡಿ ಹಾಕುತ್ತೇನೆ. ಫೋನ್‌ನಲ್ಲಿ ಅಷ್ಟುದ್ದ ಪಟ್ಟಿ ಓದೋಕೆ ಆಗುತ್ತಿಲ್ಲ.